ಶನಿವಾರ ರಾತ್ರಿಯ ಗಾಡಿಗೆ ಭಾನುವಾರದ ಟಿಕೆಟ್

ರಾಯಚೂರಿನಲ್ಲಿ ಟಿಕೆಟ್ ಕಾಯ್ದಿರಿಸುವ ಕಿಟಕಿಯ ಹಿಂದೆ ಕೂತಿದ್ದ ವರ್ಷಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಗಂಟೆಯವಲ್ಲ, ವಾರದವು. ಒಂದು ಭಾನುವಾರ ರಾತ್ರಿ ಹತ್ತಕ್ಕೆ ಹಿರಿಯರೊಬ್ಬರು ಮೊಮ್ಮಗನೊಂದಿಗೆ ಬಂದು, "ಸರ್ರ, ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರ್ತದ್ರಿ?" ಎಂದು ಟಿಕೆಟ್ ಚಾಚಿದರು. ಅದರ ಮೇಲೆ ಭಾನುವಾರದ ತಾರೀಖೇ ಇತ್ತು. ಆದರೆ ಹೊರಡುವ ಹೊತ್ತು 00:20. ಅವರ ಗಾಡಿ ಇಪ್ಪತ್ತೊಂದು ಗಂಟೆ ನಲವತ್ತು ನಿಮಿಷ ಮೊದಲೇ, ನಾವು ಶನಿವಾರ ರಾತ್ರಿ ಎನ್ನುವ ಹೊತ್ತಿನಲ್ಲಿ, ಹೋಗಿಬಿಟ್ಟಿತ್ತು.

ವೇಳಾಪಟ್ಟಿಯಲ್ಲಿ ದಿನ ಬದಲಾಗುವುದು ನಡುರಾತ್ರಿಗೆ, ಕೋಳಿ ಕೂಗಿದ ಮೇಲಲ್ಲ. ಇದರ ಜೊತೆಗೆ, ಗಾಡಿ ಓಡುವ ವಾರಗಳನ್ನು ಸಾಮಾನ್ಯವಾಗಿ ಅದು ಹೊರಡುವ ಮೂಲ ನಿಲ್ದಾಣದ ಲೆಕ್ಕದಲ್ಲಿ ಬರೆದಿರುತ್ತಾರೆ. ಆ ಹಿರಿಯರ ಗಾಡಿಯಂಥದ್ದೊಂದು ಮಂಗಳವಾರ ಮತ್ತು ಶನಿವಾರ 13:15ಕ್ಕೆ ತನ್ನ ಮೂಲ ನಿಲ್ದಾಣವನ್ನು ಬಿಡುತ್ತದೆ ಎಂದಿಟ್ಟುಕೊಳ್ಳಿ. ರಾಯಚೂರಿನ ಸಾಲಿನಲ್ಲಿ ಆಗಮನ 00:18, ನಿರ್ಗಮನ 00:20, ದಿನ 2 ಎಂದಿದ್ದರೆ, ಮೂಲದ ವಾರಕ್ಕೆ ಒಂದು ದಿನ ಕೂಡಿಸಬೇಕು. ದಿನ 3 ಎಂದಿದ್ದರೆ ಎರಡು. ಹಾಗಾಗಿ ರಾಯಚೂರಿಗೆ ಅದು ಬುಧವಾರ ಮತ್ತು ಭಾನುವಾರದ ಗಾಡಿ. ಶನಿವಾರ ಉಂಡು ಮನೆ ಬಿಡುವವರು ಭಾನುವಾರದ ತಾರೀಖಿನ ಟಿಕೆಟನ್ನೇ ತೆಗೆಸಬೇಕು.

ವಾರಕ್ಕೆರಡು ದಿನ ಓಡುವ ಗಾಡಿಗೆ ಶನಿವಾರದ ತಾರೀಖು ಕೊಟ್ಟರೆ ಗಾಡಿಯೇ ಸಿಗುವುದಿಲ್ಲವಾದ್ದರಿಂದ ತಪ್ಪು ಅಲ್ಲೇ ತಿಳಿಯುತ್ತದೆ. ದಿನವೂ ಓಡುವ ಗಾಡಿಯೇ ಹೆಚ್ಚು ಮೋಸ ಮಾಡುವಂಥದ್ದು, ಏಕೆಂದರೆ ಅದರಲ್ಲಿ ಯಾವ ತಾರೀಖಿಗೂ ಟಿಕೆಟ್ ಸಿಗುತ್ತದೆ, ತಪ್ಪು ಗೊತ್ತಾಗುವುದು ಪ್ಲಾಟ್‌ಫಾರ್ಮಿನ ಮೇಲೆ. ಮೊಬೈಲಿನಲ್ಲಿ M T W T F S S ಎಂಬ ಸಾಲಿನಲ್ಲಿ T ಎರಡು, S ಎರಡು ಇರುವುದರಿಂದ ಅಕ್ಷರ ನೋಡದೆ ಸ್ಥಾನ ಎಣಿಸಿರಿ. ಕೆಲವು ಆ್ಯಪ್‌ಗಳು ಭಾನುವಾರದಿಂದ ಆರಂಭಿಸುತ್ತವೆ, ಇನ್ನು ಕೆಲವು ನೀವು ಹತ್ತುವ ನಿಲ್ದಾಣಕ್ಕೆ ವಾರವನ್ನು ಆಗಲೇ ಹೊಂದಿಸಿರುತ್ತವೆ; ಅಂಥಲ್ಲಿ ಮತ್ತೊಮ್ಮೆ ಕೂಡಿಸಿದರೆ ಲೆಕ್ಕ ಕೆಡುತ್ತದೆ.

ನಿಲುಗಡೆಯೆಂದರೆ ನಿರ್ಗಮನದಲ್ಲಿ ಆಗಮನವನ್ನು ಕಳೆದದ್ದು. ಆಗಮನ 23:58, ನಿರ್ಗಮನ 00:03 ಇದ್ದರೆ ನಿಲುಗಡೆ ಐದು ನಿಮಿಷ; ಇಳಿಯುವವರಿಗೆ ಅದು ಹಿಂದಿನ ದಿನ, ಹತ್ತುವವರಿಗೆ ಮರುದಿನ. ಮೂಲ ನಿಲ್ದಾಣಕ್ಕೆ ಆಗಮನವಿಲ್ಲ, ಕೊನೆಯದಕ್ಕೆ ನಿರ್ಗಮನವಿಲ್ಲ. ಗಾಡಿ ಬೇಗ ಬಂದರೂ ಬರೆದ ನಿರ್ಗಮನಕ್ಕಿಂತ ಮೊದಲು ಬಿಡುವುದಿಲ್ಲ. ಆದರೆ ತಡವಾಗಿ ಬಂದ ಗಾಡಿ ಹತ್ತು ನಿಮಿಷದ ನಿಲುಗಡೆಯನ್ನು ಮೂರಕ್ಕೆ ಇಳಿಸಿ ಹೊರಟುಬಿಡಬಹುದು. ಆದ್ದರಿಂದ ಗಾಡಿ ತಡವಾದ ದಿನ ಪಟ್ಟಿಯ ನಿಲುಗಡೆಯನ್ನು ನಂಬಿ ನೀರು ತರಲು ಇಳಿಯಬೇಡಿ.