ಪದ ಪರಿಚಯ: ದಗಡೂ

ಹೋದ ತಿಂಗಳು ಪುಣೆಯ ಕೋಥ್ರೂಡಿನಲ್ಲಿ ನಮ್ಮ ಪೈಕಿಯವರ ಮನೆಯಲ್ಲಿ ತೊಟ್ಟಿಲ ಕಾರ್ಯ. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರಿದ್ದಾಯಿತು, ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಿದ್ದೂ ಆಯಿತು. ಊಟಕ್ಕೆ ಕೂತಾಗ ಮಾತು ಹಳೆಯ ಹೆಸರುಗಳ ಕಡೆ ಹೊರಳಿತು. ಪಕ್ಕದ ಎಲೆಯಲ್ಲಿ ಕೂತಿದ್ದವರು ಧಾರವಾಡದ ಕಡೆಯವರೇ. “ದಗಡೂ, ಕೇರೂ, ನಕೋಶಿ, ನಮ್ಮ ಕಡೆ ತಿಪ್ಪಣ್ಣ, ಎಲ್ಲಾ ಒಂದ ಥರ ನೋಡ್ರಿ. ಬ್ಯಾಡಾದ ಕೂಸಿಗೆ ಇಡೂ ಹೆಸರು” ಅಂದರು. ಅಷ್ಟರಲ್ಲಿ ಸಾರು ಬಂತು, ನಾನು ಸುಮ್ಮನಾದೆ. ಆದರೆ ಇದೇ ಮಾತನ್ನು ಈ ವರ್ಷ ಕೇಳುತ್ತಿರುವುದು ಮೂರನೆಯ ಸಲ. ಇನ್ನು ಸುಮ್ಮನಿರಲಾರೆ.

ಆ ಪಟ್ಟಿಯಲ್ಲಿ ಮೂರು ಹೆಸರು ಒಂದು ಕಡೆಯವು, ನಕೋಶಿ ಪೂರ್ತಿ ಎದುರು ಕಡೆಯದು. ದಗಡೂ ಎಂದು ಕರೆಸಿಕೊಂಡ ಕೂಸು ಮನೆಯವರಿಗೆ ಬೇಡವಾದದ್ದಲ್ಲ. ಅಷ್ಟು ಬೇಕಾದ ಕೂಸು ಆ ಮನೆಯಲ್ಲಿ ಅದಕ್ಕೆ ಮೊದಲು ಹುಟ್ಟಿರುವುದಿಲ್ಲ, ಅಥವಾ ಹುಟ್ಟಿ ಉಳಿದಿರುವುದಿಲ್ಲ.

ದಗಡ ಎಂದರೆ ಮರಾಠಿಯಲ್ಲಿ ಕಲ್ಲು. ಧೋಂಡಾ ಎಂದರೂ ಕಲ್ಲೇ. ಅದರಿಂದ ಧೋಂಡೂ, ಧೋಂಡೋ, ಧೋಂಡಿಬಾ. ಕೋಥ್ರೂಡಿಗೆ ನಾವೆಲ್ಲ ಹೋಗುವ ಕರ್ವೆ ರಸ್ತೆ ಇದೆಯಲ್ಲ, ಆ ಮಹರ್ಷಿ ಕರ್ವೆಯವರ ಹೆಸರು ಧೋಂಡೋ ಕೇಶವ. 1857ರ ನಾನಾಸಾಹೇಬನ ಹೆಸರು ಧೋಂಡೋಪಂತ. ಊರಿನಿಂದ ಬಂದ ನೆಂಟರನ್ನು ನಾವು ಮೊದಲು ಕರೆದೊಯ್ಯುವ ಗಣಪತಿ ದಗಡೂಶೇಠ್ ಹಲವಾಯಿಯವರದು. ಕೇರ ಎಂದರೆ ಗುಡಿಸಿದ ಕಸ, ಅದರಿಂದ ಕೇರೂ, ಕಚರಾದಿಂದ ಕಚರೂ, ಉಕಿರಡಾ ಎಂದರೆ ತಿಪ್ಪೆ, ಅದೂ ಹೆಸರಾಗುತ್ತದೆ. ಭಿಕೂ, ಭಿಕಾಜಿ ಎಂದರೆ ಬೇಡಿ ತಂದವನು. ಕನ್ನಡದ ತಿಪ್ಪ, ತಿಪ್ಪವ್ವ, ಹುಚ್ಚಪ್ಪ, ಅಡಿವೆಪ್ಪ, ತಮಿಳರ ಕುಪ್ಪುಸ್ವಾಮಿ, ತೆಲುಗರ ಪೆಂಟಯ್ಯ ಇವೆಲ್ಲ ಇದೇ ಸಾಲಿನವು. ಬಂಗಾಳಿಗಳಲ್ಲಿ ತಿನಕೌಡಿ ಎಂಬುದಿದೆ: ಮೂರು ಕವಡೆಗೆ ಕೊಂಡವನು.

ಇಲ್ಲಿ ಒಂದು ಸಣ್ಣ ಸಂಗತಿ ನನಗೆ ಬಲು ಇಷ್ಟ. ಹೆಸರಿನ ತಲೆ ಕಸ, ಬಾಲ ಮಾತ್ರ ಗೌರವದ್ದು. ತಿಪ್ಪೆಗೆ ಅಣ್ಣ, ಹುಚ್ಚಿಗೆ ಅಪ್ಪ, ಕಲ್ಲಿಗೆ ಶೇಠ್, ಪಂತ. ನಿಜವಾಗಿ ಬೈಯುವವರು ಬೈಗುಳಕ್ಕೆ ಅಣ್ಣ ಸೇರಿಸುವುದಿಲ್ಲ.

ಇಂಥ ಹೆಸರು ಇಡುವುದು ‘ಕೆಟ್ಟ ಕಣ್ಣು’ ತಾಕದಿರಲಿ ಎಂದು ಎನ್ನುವವರಿದ್ದಾರೆ. ಈಗ ಆ ಮಾತಿನ ಬಗ್ಗೆ. ಎಲ್ಲರೂ ಬಳಸುತ್ತಿರುವ ಈ ಮಾತು ಅರ್ಧ ಗೊಂದಲಕ್ಕೆ ಕಾರಣ. ನಮ್ಮ ‘ದೃಷ್ಟಿ’ಗೆ ಕೆಟ್ಟತನ ಬೇಕಿಲ್ಲ. ಮುದ್ದಾಗಿದೆ ಎಂದು ಮನಸಾರೆ ಹೊಗಳಿದವರ ದೃಷ್ಟಿಯೂ ತಾಕುತ್ತದೆ, ಹೆತ್ತ ತಾಯಿಯ ದೃಷ್ಟಿಯೇ ತಾಕುತ್ತದೆ. ಉಪ್ಪು ಮೆಣಸಿನಕಾಯಿ ನಿವಾಳಿಸುವಾಗ ಅಜ್ಜಿಯರು ಮನೆಯವರ ಕಣ್ಣು, ಹೊರಗಿನವರ ಕಣ್ಣು ಎಂದು ಎಲ್ಲರನ್ನೂ ಸೇರಿಸಿಕೊಳ್ಳುವುದು ಇದಕ್ಕೇ. ಅಂದರೆ ಅಪಾಯ ಇರುವುದು ಹಗೆಯಲ್ಲಲ್ಲ, ಮೆಚ್ಚುಗೆಯಲ್ಲಿ. ಹೆಸರು ದಿನಕ್ಕೆ ನೂರು ಸಲ ಕೂಗುವಂಥದ್ದು. ಚಂದದ ಹೆಸರಿಟ್ಟರೆ ದಿನಕ್ಕೆ ನೂರು ಸಲ ಹೊಗಳಿದಂತೆ. ಕಲ್ಲು ಎಂದು ಕೂಗಿದರೆ ಆ ಬಾಗಿಲೇ ಮುಚ್ಚಿತು. ಕೆನ್ನೆಗೆ ಇಡುವ ಕಪ್ಪು ಬೊಟ್ಟಿನ ಕೆಲಸವೂ ಇದೇ. ಬೊಟ್ಟು ಸ್ನಾನಕ್ಕೆ ಅಳಿಸಿ ಹೋಗುತ್ತದೆ, ಹೆಸರು ಹೋಗುವುದಿಲ್ಲ.

ದೃಷ್ಟಿ ಮನುಷ್ಯರದಾಯಿತು. ಕೂಸನ್ನು ಒಯ್ಯುವ ಸಾವಿಗೂ ಈ ಹೆಸರು ಕೇಳಿಸಬೇಕು. ಅದಕ್ಕೆ ಹೇಳುವ ಸುಳ್ಳು ಬೇರೆ: ಇದು ನಮ್ಮದಲ್ಲ, ತಿಪ್ಪೆಯಲ್ಲಿ ಬಿದ್ದಿತ್ತು, ಅಡವಿಯಲ್ಲಿ ಸಿಕ್ಕಿತು, ಬೇಡಿ ತಂದೆವು. ನಮ್ಮ ಮಕ್ಕಳನ್ನು ಒಯ್ಯಲು ಬಂದಿದ್ದರೆ ಮನೆ ತಪ್ಪಿ ಬಂದಿದ್ದೀ, ಹೋಗು.

ಈ ಸುಳ್ಳನ್ನು ಬರೀ ಬಾಯಲ್ಲಿ ಹೇಳಿ ಬಿಡುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದರು. ನಮ್ಮಜ್ಜಿಯ ಅಣ್ಣ ತಿಪ್ಪಣ್ಣ ಮಾಮನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆತನಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳಲ್ಲಿ ಒಂದು ಹಲ್ಲು ಬರುವ ಮೊದಲೇ ಹೋಯಿತು, ಇನ್ನೊಂದು ಸಿಡುಬಿಗೆ ಹೋಯಿತು. ಮೂರನೆಯದು ಹುಟ್ಟಿದಾಗ ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕಲಿಲ್ಲ. ಹಳೆ ಮೊರದಲ್ಲಿ ತೌಡು ಹಾಸಿ, ಹರಕು ಸೀರೆಯ ತುಂಡಿನಲ್ಲಿ ಸುತ್ತಿ, ಹಿತ್ತಲ ತಿಪ್ಪೆಯ ಅಂಚಿಗೆ ಇಟ್ಟು ಬಂದರು. ಓಣಿಯ ಗಂಗವ್ವ ಮೊದಲೇ ಹೇಳಿಟ್ಟಂತೆ ಆ ದಾರಿಯಲ್ಲಿ ಬಂದಳು, “ಯಾರ್ದೋ ಕೂಸು ಬಿದ್ದೈತಲ್ಲ” ಎಂದು ಗಟ್ಟಿಯಾಗಿ ಕೂಗಿ ಎತ್ತಿಕೊಂಡಳು. ಹೆತ್ತ ತಾಯಿ ಒಂದು ಸೇರು ಜೋಳದ ನುಚ್ಚು ಕೊಟ್ಟು ತನ್ನ ಕೂಸನ್ನೇ ಗಂಗವ್ವನಿಂದ ಕೊಂಡಳು. ಆಮೇಲೆ ಎಡ ಮೂಗು ಚುಚ್ಚಿಸಿದರು. ಗಂಗವ್ವ ಬದುಕಿರುವವರೆಗೆ ದೀಪಾವಳಿಗೆ ತಿಪ್ಪಣ್ಣ ಮಾಮನ ಮನೆಯಿಂದ ಆಕೆಗೆ ಒಂದು ಸೀರೆ ಹೋಗುತ್ತಿತ್ತು, ವ್ಯವಹಾರ ಪಕ್ಕಾ. ಆತ ಮುದುಕನಾದ ಮೇಲೂ ಎಡ ಹೊಳ್ಳೆಯ ಮೇಲೆ ಸಾಸಿವೆಕಾಳಿನಷ್ಟು ಕುಳಿ ಉಳಿದಿತ್ತು. ಹುಡುಗರು ನಾವು ಅದನ್ನು ಬೆರಳಿಟ್ಟು ಮುಟ್ಟಿ ನೋಡುತ್ತಿದ್ದೆವು, ಆತ ಸೀನಿದಂತೆ ನಟಿಸಿ ಹೆದರಿಸುತ್ತಿದ್ದ.

ಬೇಡವಾದ ಕೂಸಿಗೆ ಯಾರು ಇಷ್ಟು ಉಸಾಬರಿ ಮಾಡುತ್ತಾರೆ?

ಮೂಗು ಚುಚ್ಚಿಸುವುದರ ಮಾತು ಬಂದದ್ದರಿಂದ ಇನ್ನೊಂದು ತಪ್ಪನ್ನೂ ತಿದ್ದಿಬಿಡುತ್ತೇನೆ. ಕನ್ನಡ ಪತ್ರಿಕೆಗಳು ಗಾಂಧೀಜಿಯನ್ನು ಕೊಂದವನ ಹೆಸರನ್ನು ‘ನಾಥೂರಾಮ’ ಎಂದು ಬರೆಯುತ್ತವೆ, ಜಗನ್ನಾಥನ ನಾಥ ಎಂಬಂತೆ. ಅದು ನಥೂರಾಮ. ನಥ ಎಂದರೆ ನಮ್ಮ ನತ್ತು. ಪುಣೆ ಜಿಲ್ಲೆಯ ಬಾರಾಮತಿಯಲ್ಲಿ 1910ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ರಾಮಚಂದ್ರ. ಅವನಿಗಿಂತ ಮೊದಲು ಹುಟ್ಟಿದ ಮೂವರು ಗಂಡುಮಕ್ಕಳು ಕೂಸಾಗಿರುವಾಗಲೇ ತೀರಿಕೊಂಡಿದ್ದರು, ಅಕ್ಕ ಮಾತ್ರ ಉಳಿದಿದ್ದಳು. ಈ ಮನೆಯಲ್ಲಿ ಗಂಡು ಬದುಕುವುದಿಲ್ಲ, ಹೆಣ್ಣು ಬದುಕುತ್ತದೆ ಎಂದಾಯಿತಲ್ಲ. ಹಾಗಾಗಿ ಇವನಿಗೆ ನತ್ತು ತೊಡಿಸಿ ಹೆಣ್ಣಿನಂತೆ ಬೆಳೆಸಿದರು. ತಮ್ಮ ಹುಟ್ಟಿದ ಮೇಲೆ ಗಂಡಿನಂತೆ ನಡೆಸಿಕೊಂಡರು, ನತ್ತಿನ ಹೆಸರು ಮಾತ್ರ ಅಂಟಿಯೇ ಉಳಿಯಿತು. ಕೇಳಲು ಹಿತವಾದ ಹೆಸರಲ್ಲ, ಬಲ್ಲೆ. ಆದರೆ ರಕ್ಷೆಯ ಹೆಸರಿನ ಹಿಂದಿನ ಲೆಕ್ಕ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಉದಾಹರಣೆ ಈ ಕಡೆ ಸಿಗುವುದು ಕಷ್ಟ. ಒಂದು ದೀರ್ಘದಿಂದ ಆ ಲೆಕ್ಕವೇ ಅಳಿಸಿಹೋಗುತ್ತದೆ.

ಇನ್ನು ನಕೋಶಿ. ನಕೋ ಎಂದರೆ ಬೇಡ. ನಕೋಶಿ, ನಕುಸಾ ಎಂದರೆ ಬೇಡವಾದವಳು. ಅರ್ಥಕ್ಕೆ ಯಾವ ಮುಸುಕೂ ಇಲ್ಲ. ಇದನ್ನು ಇಡುವುದು ಮೂರನೆಯ, ನಾಲ್ಕನೆಯ ಹೆಣ್ಣಿಗೆ, ಮುಂದಿನದಾದರೂ ಗಂಡಾಗಲಿ ಎಂದು. ಈ ಹೆಸರಿನಿಂದ ಈ ಕೂಸಿಗೆ ಏನೂ ಆಗಬೇಕಿಲ್ಲ, ಆಗಬೇಕಾದದ್ದೆಲ್ಲ ಇನ್ನೂ ಹುಟ್ಟದ ತಮ್ಮನಿಗೆ. ದಗಡೂ ಎಂಬ ಹೆಸರು ‘ಇದನ್ನು ಬಿಟ್ಟುಬಿಡು’ ಎಂದು ಸಾವಿಗೆ ಹೇಳಿದರೆ, ನಕೋಶಿ ‘ಇಂಥದ್ದನ್ನು ಇನ್ನು ಕೊಡಬೇಡ’ ಎಂದು ದೇವರಿಗೆ ಹೇಳುತ್ತದೆ. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಸುಮಾರು 280 ಹುಡುಗಿಯರು ಸಮಾರಂಭದಲ್ಲಿ ಈ ಹೆಸರು ಕಳಚಿ ತಮಗೆ ಬೇಕಾದ ಹೆಸರು ಇಟ್ಟುಕೊಂಡರು. ದಗಡೂಗಳಿಗಾಗಿ ಯಾರೂ ಅಂಥ ಸಮಾರಂಭ ಮಾಡಲಿಲ್ಲ. ಅವರಿಗೆ ಅದು ಬೇಕಾಗಿರಲೂ ಇಲ್ಲ. ಪೇಟೆಯಲ್ಲಿ ಅಂಗಡಿಯ ಹಲಗೆಯ ಮೇಲೆ ಧೈರ್ಯವಾಗಿ ಆ ಹೆಸರು ಬರೆಸಿಕೊಂಡರು.

ಆದ್ದರಿಂದ ಹೆಸರು ಯಾವ ಕಡೆಯದೆಂದು ತಿಳಿಯಲು ನಿಘಂಟು ಸಾಲದು. ಅದಕ್ಕೆ ಮೊದಲು ಹುಟ್ಟಿದವರು ಎಷ್ಟು, ಉಳಿದವರು ಎಷ್ಟು ಎಂದು ಕೇಳಬೇಕು. ಸತ್ತವರ ನಂತರದ ಕೂಸಾದರೆ ರಕ್ಷೆ. ಬದುಕಿರುವ ಅಕ್ಕಂದಿರ ನಂತರದ ಹೆಣ್ಣಾದರೆ ಬೇಸರ.

ಕೇಳಿದರೂ ಮೋಸ ಹೋಗುವ ಕಡೆಗಳಿವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮಲ್ಲೂ ಮರಾಠಿಗರಲ್ಲೂ ಇರುವುದರಿಂದ ಒಂದು ಮನೆಯ ಎರಡನೆಯ ದಗಡೂ ಬರೀ ಅಜ್ಜನ ನೆನಪು, ಅವನ ಹಿಂದೆ ಯಾವ ಸಾವೂ ಇಲ್ಲದಿರಬಹುದು. ಮರಾಠಿಯಲ್ಲಿ ಅಧಿಕ ಮಾಸಕ್ಕೆ ಧೋಂಡ್ಯಾಚಾ ಮಹಿನಾ ಎನ್ನುತ್ತಾರೆ, ಆ ತಿಂಗಳಲ್ಲಿ ಹುಟ್ಟಿದವನಿಗೆ ಧೋಂಡೂ ಎಂದಿಡುವುದುಂಟು. ಚಿತ್ರದುರ್ಗ, ಚಳ್ಳಕೆರೆ ಕಡೆಯ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪಂದಿರನ್ನು ಕಂಡು ‘ಪಾಪ, ತಿಪ್ಪೆಗೆ ಹಾಕಿದ್ದರೇನೋ’ ಎನ್ನುವವರಿಗೆ ನಾಯಕನಹಟ್ಟಿಯ ಹೆಸರು ಕೇಳಿ ಗೊತ್ತಿಲ್ಲವೆಂದೇ ಅರ್ಥ. ಅವರಲ್ಲಿ ಹೆಚ್ಚಿನವರ ಹೆಸರು ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ತಿಪ್ಪೇರುದ್ರಸ್ವಾಮಿಯದು. ಕಲ್ಲಪ್ಪನೂ ಹಾಗೆಯೇ, ಎಷ್ಟೋ ಸಲ ಅದು ಊರ ಕಲ್ಲೇಶ್ವರ.

ಎಲ್ಲಕ್ಕಿಂತ ಜಾರುವ ಹೆಸರು ನಮ್ಮ ಸಾಕವ್ವ. ‘ಸಾಕು’ ಎಂದರೆ ಪೋಷಿಸು, ‘ಸಾಕು’ ಎಂದರೆ ಇನ್ನು ಬೇಡ. ಹೆಸರಿನ ಸದ್ದು ಒಂದೇ. ಬೇರೆಯವರು ಎತ್ತಿ ಸಾಕಿದ ಕೂಸು ಎಂಬ ಅರ್ಥ ಹಿಡಿದರೆ ಅದು ತಿಪ್ಪವ್ವನ ಪಕ್ಕ ಕೂರುತ್ತದೆ, ಇನ್ನೊಂದು ಹಿಡಿದರೆ ನಕೋಶಿಯ ಪಕ್ಕ.

ಊಟದ ದಿನ ಹೇಳದೆ ಉಳಿದದ್ದನ್ನೆಲ್ಲ ಆ ಧಾರವಾಡದವರಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅತ್ತಿ ಒಬ್ಬಾಕಿ ಇದ್ದಳ್ರಿ, ಸಾಕವ್ವ ಅಂತ. ಅದು ಯಾವ ಸಾಕು?” ಎಂದರು. ಆಕೆಗಿಂತ ಮೊದಲು ಹುಟ್ಟಿದವರು ಯಾರು ಎಂದು ಕೇಳಿದೆ. ಬೆರಳು ಮಡಿಚಿ ಎಣಿಸಿದರೆಂದು ಕಾಣುತ್ತದೆ.

“ಮೂರು ಮಂದಿ ಅಕ್ಕಂದ್ರು. ಎಲ್ಲಾರೂ ಎಂಬತ್ತು ದಾಟಿ ಹ್ವಾದ್ರು.”