ಅಪಾಯ, ಎಚ್ಚರಿಕೆ, ಜಾಗ್ರತೆ: ಯಂತ್ರದ ಮೇಲಿನ ಪದಗಳಿಗೂ ಒಂದು ಮೆಟ್ಟಿಲಿದೆ

ಪ್ರೆಸ್ಸಿಗೆ ಜೋಡಿಸಿದ, ಎಣ್ಣೆಯ ಒತ್ತಡದಿಂದ ಅದನ್ನು ನಡೆಸುವ ಒಂದು ಹೈಡ್ರಾಲಿಕ್ ಪವರ್ ಪ್ಯಾಕನ್ನು ತೆಗೆದುಕೊಳ್ಳಿ. ಬೆಳಗಾವಿಯ ಉದ್ಯಮಬಾಗದಲ್ಲಿ ಓಡಾಡಿದವರಿಗೆ ಇದರ ಪರಿಚಯ ಬೇಕಿಲ್ಲ. ಅದರ ಮೇಲೆ ಇಂಗ್ಲಿಷಿನ ನಾಲ್ಕು ಸ್ಟಿಕರ್ ಇವೆ ಎನ್ನೋಣ. ಒತ್ತಡ ಹಿಡಿದಿಡುವ ಅಕ್ಯುಮುಲೇಟರಿನ ಮೇಲೆ ಕೆಂಪು ಬಣ್ಣದ ಡೇಂಜರ್, ಹೋಸ್ ಪೈಪುಗಳ ಹತ್ತಿರ ಕಿತ್ತಳೆ ಬಣ್ಣದ ವಾರ್ನಿಂಗ್, ಮೋಟರಿನ ಮೈಮೇಲೆ ಹಳದಿ ಕಾಷನ್, ಎಣ್ಣೆ ಹಾಕುವ ಮುಚ್ಚಳದ ಪಕ್ಕ ನೀಲಿ ನೋಟಿಸ್. ಇದೇ ನಾಲ್ಕು ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಏನಾಗುತ್ತದೆ? ಮೊದಲ ಮೂರಕ್ಕೂ ‘ಎಚ್ಚರಿಕೆ’ ಎಂದು ಬೀಳುತ್ತದೆ. ಅನುವಾದಕ ತಪ್ಪು ಪದ ಹಾಕಿಲ್ಲ, ನಿಘಂಟು ತೆರೆದರೆ ಎಲ್ಲದರ ಎದುರೂ ಎಚ್ಚರಿಕೆ ಇದ್ದೇ ಇದೆ. ಆದರೆ ಪ್ರಾಣ ತೆಗೆಯುವ ಜಾಗಕ್ಕೂ ಬೆರಳು ಚುರುಕ್ ಎನ್ನುವ ಜಾಗಕ್ಕೂ ಈಗ ಒಂದೇ ಪದ ನಿಂತಿದೆ.

ಇಂಗ್ಲಿಷಿನಲ್ಲಿ ಇವು ಬರೀ ಪದಗಳಲ್ಲ, ದರ್ಜೆಗಳು. ಅಮೆರಿಕದ ಆನ್ಸಿ ಝಡ್ 535.4 ಎಂಬ ಮಾನದಂಡ ಮತ್ತು ಅದಕ್ಕೆ ಹತ್ತಿರವಾದ ಅಂತರರಾಷ್ಟ್ರೀಯ ಐಎಸ್‌ಒ 3864-2 ಇವುಗಳ ಅರ್ಥವನ್ನು ಕಟ್ಟಿಹಾಕಿವೆ. ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ಆಗುತ್ತದೆ ಎಂಬ ಕಡೆ ಮಾತ್ರ ಡೇಂಜರ್. ಸಾವು ಅಥವಾ ಗಂಭೀರ ಗಾಯ ಆಗಬಹುದು ಎಂದಾದರೆ ವಾರ್ನಿಂಗ್. ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು ಎಂದಾದರೆ ಕಾಷನ್. ಮನುಷ್ಯನಿಗೆ ಏನೂ ಆಗದೆ ಯಂತ್ರ ಕೆಡುವ ಮಾತಾದರೆ ಆನ್ಸಿಯ ಪ್ರಕಾರ ನೋಟಿಸ್.

ಈ ಏಣಿಯಲ್ಲಿ ಎರಡು ಅಳತೆ ಸೇರಿಕೊಂಡಿವೆ, ಅದನ್ನು ಗಮನಿಸದೇ ಅನುವಾದಕ್ಕೆ ಕೂತರೆ ದಾರಿ ತಪ್ಪುತ್ತದೆ. ವಾರ್ನಿಂಗ್ ಮತ್ತು ಕಾಷನ್ ನಡುವಿನ ವ್ಯತ್ಯಾಸ ಪೆಟ್ಟು ಎಷ್ಟು ದೊಡ್ಡದು ಎಂಬುದು. ಡೇಂಜರ್ ಮತ್ತು ವಾರ್ನಿಂಗ್ ನಡುವೆ ಪೆಟ್ಟು ಒಂದೇ, ಎರಡರಲ್ಲೂ ಜೀವದ ಮಾತು. ವ್ಯತ್ಯಾಸ ಇರುವುದು ಅದು ಎಷ್ಟು ಖಚಿತ ಎಂಬುದರಲ್ಲಿ. ಅಂದರೆ ಇಡೀ ಭೇದ ಒಂದು ಕ್ರಿಯಾಪದದ ಬಾಲದಲ್ಲಿದೆ.

ಇದು ಕನ್ನಡಕ್ಕೆ ಅನುಕೂಲವೇ. ‘ಆಗುತ್ತದೆ’, ‘ಆಗಬಹುದು’ ಎಂಬ ಎರಡು ರೂಪ ನಮ್ಮಲ್ಲಿ ಸ್ಪಷ್ಟವಾಗಿ ಬೇರೆ. ತೊಂದರೆ ಬರುವುದು ನಮ್ಮ ಬರವಣಿಗೆಯ ರೂಢಿಯಿಂದ. ಸರ್ಕಾರಿ ಪ್ರಕಟಣೆಯ ಧಾಟಿಯಲ್ಲಿ ಬರೆಯುವವರು ಎಲ್ಲಕ್ಕೂ ‘ಸಂಭವಿಸಬಹುದು’, ‘ಸಾಧ್ಯತೆ ಇರುತ್ತದೆ’ ಎನ್ನುತ್ತಾರೆ. ಹಾಗೆ ಬರೆದ ಕೂಡಲೇ ಡೇಂಜರ್ ಸದ್ದಿಲ್ಲದೆ ಒಂದು ಮೆಟ್ಟಿಲು ಕೆಳಗಿಳಿದು ವಾರ್ನಿಂಗ್ ಆಯಿತು. ಮೇಲೆ ದಪ್ಪ ಅಕ್ಷರದಲ್ಲಿ ‘ಅಪಾಯ’ ಎಂದು ಬರೆದು ಕೆಳಗೆ ‘ಸಾವು ಸಂಭವಿಸುವ ಸಾಧ್ಯತೆ ಇರಬಹುದು’ ಎಂದರೆ ಓದಿದವನು ಯಾವುದನ್ನು ನಂಬಬೇಕು?

ಈಗ ಪದಗಳ ಆಯ್ಕೆಗೆ ಬರೋಣ. ಡೇಂಜರಿಗೆ ‘ಅಪಾಯ’ ಬಿಟ್ಟು ಬೇರೆ ಹುಡುಕುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಟ್ರಾನ್ಸ್‌ಫಾರ್ಮರಿನ ಬೇಲಿಯ ಮೇಲೆ ತಲೆಬುರುಡೆ, ಅಡ್ಡ ಎಲುಬು, 11000 ವೋಲ್ಟ್ ಎಂಬ ಅಂಕಿ, ಜೊತೆಗೆ ಈ ಪದ. ಓದು ಬರದವರ ಕಣ್ಣಿಗೂ ಅದು ಇಳಿದುಬಿಟ್ಟಿದೆ. ‘ಗಂಡಾಂತರ’ ಎಂದರೆ ಇನ್ನೂ ಜೋರಾಗಿರುತ್ತದೆ ಎಂದು ಕೆಲವರು ವಾದಿಸುವುದುಂಟು. ಜೋರಿದೆ ನಿಜ, ಆದರೆ ಅದು ಜ್ಯೋತಿಷಿ ಹೇಳುವ ಪದ, ಯಂತ್ರದ ಮೇಲೆ ಯಾರೂ ನೋಡಿದ್ದಲ್ಲ.

ವಾರ್ನಿಂಗಿಗೆ ‘ಎಚ್ಚರಿಕೆ’. ಇದರ ಬಗ್ಗೆ ತಕರಾರಿಲ್ಲ, ಆದರೆ ಒಮ್ಮೆ ಇಲ್ಲಿ ಇಟ್ಟ ಮೇಲೆ ಈ ಪದವನ್ನು ಬೇರೆಲ್ಲೂ ಇಡುವಂತಿಲ್ಲ.

ನಿಜವಾದ ಕಗ್ಗಂಟು ಮೂರನೆಯದು. ಕಾಷನ್ ಎಂಬುದಕ್ಕೆ ‘ಮುನ್ನೆಚ್ಚರಿಕೆ’ ಎಂದು ಹಾಕಿದ ಫಲಕಗಳು ಕಾಣುತ್ತವೆ. ಅದರ ಹೊಟ್ಟೆಯೊಳಗೇ ಎಚ್ಚರಿಕೆ ಇದೆ, ಮೇಲಾಗಿ ಉದ್ದವೂ ಹೆಚ್ಚು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುನ್ನೆಚ್ಚರಿಕೆಯೇ ತೂಕದ್ದಾಗಿ ಕಾಣುತ್ತದೆ, ಏಣಿ ತಲೆಕೆಳಗಾಗುತ್ತದೆ. ಬರೀ ‘ಎಚ್ಚರ’ ಎಂದರೆ ಇನ್ನೊಂದು ಫಜೀತಿ. ಎಣ್ಣೆಯ ಕೈ ತಾಗಿ ಮಸುಕಾದ ಸ್ಟಿಕರನ್ನು ನಾಲ್ಕು ಮಾರು ದೂರದಿಂದ ನೋಡಿದರೆ ‘ಎಚ್ಚರ’ ಯಾವುದು, ‘ಎಚ್ಚರಿಕೆ’ ಯಾವುದು ಗೊತ್ತಾಗದು.

ಶಾಪ್ ಫ್ಲೋರಿನ ಮಾತಿನಲ್ಲಿ ಈ ದರ್ಜೆಗೆ ಪದ ಇದೆ. ಬಿಸಿ ಮೋಟರಿನ ಹತ್ತಿರ ಕೈ ಒಯ್ದ ಹುಡುಗನಿಗೆ ಹಿರಿಯ ಫಿಟ್ಟರ್ “ಏ ತಮ್ಮಾ, ಜ್ವಾಕಿ, ಬಿಸಿ ಅದ” ಅಂತಾನೆ. ಅದೇ ಹುಡುಗ ಒತ್ತಡ ಇರುವ ಹೋಸಿಗೆ ಸ್ಪ್ಯಾನರ್ ಹಚ್ಚಿದರೆ ಜ್ವಾಕಿ ಅನ್ನಲ್ಲ, “ಏ, ಕೈ ತೆಗಿ!” ಅಂತ ಚೀರ್ತಾನೆ. ದರ್ಜೆಯ ಅರಿವು ಬಾಯಿಮಾತಿನಲ್ಲಿ ಸರಿಯಾಗಿಯೇ ಇದೆ, ಕಳೆದುಹೋಗುವುದು ಬರೆಯುವಾಗ. ಹಾಗೆಂದು ಫಲಕದ ಮೇಲೆ ‘ಜೋಕೆ’ ಎಂದು ಹಾಕಿದರೆ ಬರಹದಲ್ಲಿ ಅದು ಯಾರೋ ಬೆದರಿಸಿದಂತೆ ಓದಿಸಿಕೊಳ್ಳುತ್ತದೆ. ‘ಜಾಗ್ರತೆ’ ಇದಕ್ಕಿಂತ ಸಮ. ಅದಕ್ಕೆ ‘ಬೇಗ’ ಎಂಬ ಇನ್ನೊಂದು ಅರ್ಥ ಇರುವುದು ನಿಜ, ಆದರೆ ನಮ್ಮ ಕಡೆ ಬೇಗ ಎನ್ನಲು ‘ಲಗೂ’, ‘ಜಲ್ದಿ’ ಇರುವುದರಿಂದ ಗೊಂದಲಕ್ಕೆ ಆಸ್ಪದ ಕಡಿಮೆ. ನೋಡಲು ಎಚ್ಚರಿಕೆಗಿಂತ ಪೂರ್ತಿ ಬೇರೆ ಆಕಾರ ಎಂಬುದು ಇನ್ನೊಂದು ಲಾಭ. ನೋಟಿಸಿಗೆ ‘ಸೂಚನೆ’ ಸಾಕು.

ಬೆಳಗಾವಿಯಲ್ಲಿ ಕನ್ನಡದ ಪಕ್ಕ ಮರಾಠಿ, ಹಿಂದಿ ಕೂಡ ಫಲಕಕ್ಕೆ ಬರುತ್ತವೆ. ಮರಾಠಿಯಲ್ಲಿ ಡೇಂಜರಿಗೆ ‘ಧೋಕಾ’. ಹಿಂದಿಯವನಿಗೆ ಧೋಖಾ ಎಂದರೆ ಮೋಸ, ನಮ್ಮ ಮಾತಿನ ದೋಖಾ ಕೂಡ ಅದೇ. ಒಂದು ಭಾಷೆಯ ಪದ ನೋಡಿ ಇನ್ನೊಂದಕ್ಕೆ ಎತ್ತಿ ಹಾಕುವುದು ಏಕೆ ಬೇಡವೆಂಬುದಕ್ಕೆ ಇಷ್ಟು ಸಾಕು. ಪ್ರತಿ ಭಾಷೆಗೂ ಅದರದ್ದೇ ನಾಲ್ಕು ಪದಗಳ ಪಟ್ಟಿ ಬೇಕು.

ಪದ ಗೊತ್ತಾಯಿತು, ಇನ್ನು ಕೆಳಗಿನ ಸಾಲುಗಳು. ಒಳ್ಳೆಯ ಸ್ಟಿಕರ್ ಮೂರು ಮಾತು ಹೇಳುತ್ತದೆ: ಇಲ್ಲಿ ಏನಿದೆ, ತಾಗಿದರೆ ಏನಾಗುತ್ತದೆ, ತಪ್ಪಿಸಿಕೊಳ್ಳಲು ಏನು ಮಾಡಬೇಕು.

ಅಕ್ಯುಮುಲೇಟರಿನಿಂದ ಶುರು ಮಾಡೋಣ. ಉಕ್ಕಿನ ಶೆಲ್ಲಿನೊಳಗೆ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಒತ್ತಿ ತುಂಬಿದ ಅನಿಲ. ತುಂಬಬೇಕಾದದ್ದು ಒಣ ನೈಟ್ರೋಜನ್ ಮಾತ್ರ. ಶೆಡ್ಡಿನಲ್ಲಿ ಗ್ಯಾಸ್ ಕಟಿಂಗಿಗೆ ಆಕ್ಸಿಜನ್ ಸಿಲಿಂಡರ್ ಕೈಗೆಟುಕುವಲ್ಲೇ ನಿಂತಿರುತ್ತದೆ, ಹಾಗಾಗಿ ಈ ಸ್ಟಿಕರ್ ಲೆಕ್ಕಕ್ಕಷ್ಟೇ ಅಂಟಿಸಿದ್ದಲ್ಲ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಹೊತ್ತಿ ಸ್ಫೋಟಿಸುತ್ತದೆ. ಬರೆಯುವುದು ಹೀಗೆ: ‘ಅಪಾಯ. ಆಕ್ಸಿಜನ್ ತುಂಬಿದರೆ ಸ್ಫೋಟವಾಗುತ್ತದೆ, ಸಾವು ಅಥವಾ ಗಂಭೀರ ಗಾಯ ಆಗುತ್ತದೆ. ಒಣ ನೈಟ್ರೋಜನ್ ಮಾತ್ರ ತುಂಬಿ.’ ಎಲ್ಲೂ ‘ಬಹುದು’ ಇಲ್ಲ.

ಹೋಸಿನದು ವಾರ್ನಿಂಗ್. ಪಂಪು ಬಂದ್ ಮಾಡಿದರೆ ಒತ್ತಡ ಹೋಯಿತು ಎಂದುಕೊಳ್ಳುವುದು ಇಲ್ಲಿನ ದೊಡ್ಡ ಭ್ರಮೆ, ಏಕೆಂದರೆ ಅಕ್ಯುಮುಲೇಟರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗುರುತು, ನೋವೂ ಮೊದಲಿಗೆ ಅಷ್ಟೇನಿರುವುದಿಲ್ಲ. ಒಳಗೆ ಅಂಗಾಂಶ ಸಾಯತೊಡಗಿರುತ್ತದೆ, ತಡವಾದರೆ ಬೆರಳೋ ಕೈಯೋ ಹೋಗುತ್ತದೆ. ಸೋರಿಕೆ ಹುಡುಕಲು ಕೈ ಆಡಿಸದೆ ರಟ್ಟಿನ ತುಂಡು ಹಿಡಿಯಬೇಕು ಎನ್ನುವುದು ಇದಕ್ಕೇ. ಬರಹ: ‘ಎಚ್ಚರಿಕೆ. ಪಂಪು ಬಂದ್ ಇದ್ದರೂ ಎಣ್ಣೆಯಲ್ಲಿ ಒತ್ತಡ ಇರುತ್ತದೆ. ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕು ಗಂಭೀರ ಗಾಯ ಅಥವಾ ಸಾವು ಆಗಬಹುದು. ಮೊದಲು ಒತ್ತಡ ಇಳಿಸಿ, ಗೇಜ್ ಸೊನ್ನೆ ತೋರಿಸಿದ ಮೇಲೆ ಬಿಚ್ಚಿ.’

ಈ ಕೊನೆಯ ಸಾಲನ್ನು ಇಂಗ್ಲಿಷಿನ ಜಾಡಿನಲ್ಲೇ ‘ಒತ್ತಡ ಇಳಿಯುವವರೆಗೆ ಹೋಸ್ ಬಿಚ್ಚಬೇಡಿ’ ಎಂದೂ ಬರೆಯುತ್ತಾರೆ. ಕನ್ನಡದಲ್ಲಿ ‘ಬೇಡಿ’ ಬರುವುದು ಕಟ್ಟಕಡೆಗೆ. ಸ್ಟಿಕರಿನ ಅಂಚು ಕಿತ್ತುಹೋಗಿದ್ದರೆ ಉಳಿಯುವುದು ‘ಹೋಸ್ ಬಿಚ್ಚ’ ಮಾತ್ರ. ಮಾಡಬೇಕಾದ್ದನ್ನು ಮಾಡುವ ಕ್ರಮದಲ್ಲೇ ಹೇಳಿದರೆ ಆ ಭಯವಿಲ್ಲ.

ಮೋಟರಿನದು ‘ಜಾಗ್ರತೆ. ಬಿಸಿ ಮೈ. ಮುಟ್ಟಿದರೆ ಚರ್ಮ ಸುಡಬಹುದು. ಆರಿದ ಮೇಲೆ ಕೆಲಸ ಮಾಡಿ.’ ಇಲ್ಲಿ ‘ಗಂಭೀರ’ ಎಂಬ ಪದ ನುಸುಳದಂತೆ ನೋಡಿಕೊಳ್ಳಬೇಕು, ನುಸುಳಿದರೆ ದರ್ಜೆ ಮೇಲೇರಿತು. ಎಣ್ಣೆಯ ಮುಚ್ಚಳಕ್ಕೆ ‘ಸೂಚನೆ. ಫಲಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಬಳಸಿ. ಬೇರೆ ಎಣ್ಣೆಯಿಂದ ಪಂಪು ಕೆಡಬಹುದು.’ ಇದಕ್ಕೆ ಬೆರಗುಚಿಹ್ನೆಯ ತ್ರಿಕೋನ ಹಾಕಕೂಡದು, ಆ ತ್ರಿಕೋನ ಮೈಗೆ ಪೆಟ್ಟಾಗುವ ಮಾತಿಗಷ್ಟೇ ಮೀಸಲು.

ಬಣ್ಣ ಇದೆಯಲ್ಲ, ಪದ ಒಂದೇ ಆದರೇನು ಎಂದು ಕೇಳುವವರಿದ್ದಾರೆ. ಬಿಸಿಲು ಬೀಳುವ ಕಡೆ ಕೆಂಪು ಮಾಸಿ ಕಿತ್ತಳೆಯತ್ತ ಸರಿಯುತ್ತದೆ. ಪ್ರಿಂಟಿಂಗಿನವನು ಕಿತ್ತಳೆಯನ್ನು ಕಣ್ಣಳತೆಯಲ್ಲಿ ಬೆರೆಸಿದರೆ ಅದು ಹಳದಿಗೆ ಹತ್ತಿರ ಬರುತ್ತದೆ. ಕೈಪಿಡಿಯಂತೂ ಹೆಚ್ಚಾಗಿ ಕಪ್ಪುಬಿಳುಪು ಜೆರಾಕ್ಸಿನಲ್ಲೇ ಓಡಾಡುತ್ತದೆ. ಅಲ್ಲಿ ಉಳಿಯುವುದು ಪದ ಮಾತ್ರ.

ಹಾಗಾಗಿ ಪರೀಕ್ಷೆಯನ್ನೂ ಬಣ್ಣವಿಲ್ಲದೆ ಮಾಡಬೇಕು. ನಾಲ್ಕು ಪದಗಳನ್ನು ಬಿಳಿ ಚೀಟಿಗಳ ಮೇಲೆ ಕಪ್ಪಿನಲ್ಲಿ ಬರೆದು ಕಲಸಿ, ಆ ಯಂತ್ರ ನಡೆಸುವವರ ಕೈಗೇ ಕೊಟ್ಟು, ಹೆಚ್ಚು ಕೆಟ್ಟದ್ದರಿಂದ ಕಡಿಮೆಯದಕ್ಕೆ ಜೋಡಿಸಲು ಹೇಳಿ. ಮಧ್ಯದ ಎರಡು ಚೀಟಿ ಅದಲುಬದಲಾಗುತ್ತಿದ್ದರೆ ಮೂರನೆಯ ಪದ ಕೆಲಸ ಮಾಡುತ್ತಿಲ್ಲ. ಅಂಥ ಕಡೆ ತರಬೇತಿಯಲ್ಲಿ ಏಣಿಯನ್ನು ತೋರಿಸಿಕೊಡಬೇಕು, ಇಲ್ಲವೇ ‘ಜಾಗ್ರತೆ’ ತೆಗೆದು ಅವರ ಬಾಯಲ್ಲಿರುವ ‘ಹುಷಾರು’ ಹಾಕಿ ಮತ್ತೆ ನೋಡಬೇಕು. ಆಫೀಸಿನಲ್ಲಿ ಕೂತವರ ಕೈಯಲ್ಲಿ ಜೋಡಿಸಿದರೆ ಈ ಪರೀಕ್ಷೆಗೆ ಬೆಲೆಯಿಲ್ಲ.

ಅನುವಾದಕ ತನ್ನ ಮನಸ್ಸಿಗೆ ಬಂದಂತೆ ದರ್ಜೆ ಏರಿಸುವ ಹಾಗಿಲ್ಲ, ಇಳಿಸುವ ಹಾಗೂ ಇಲ್ಲ. ಅದು ತಯಾರಕನ ಅಪಾಯ ಮೌಲ್ಯಮಾಪನಕ್ಕೆ ಸೇರಿದ್ದು. ಆದರೆ ಮೂಲವೇ ಗೊಂದಲದಲ್ಲಿದ್ದರೆ ಕೇಳಲೇಬೇಕು. ಹಳೆಯ ಕೈಪಿಡಿಗಳಲ್ಲಿ ತ್ರಿಕೋನವಿಲ್ಲದ ಕಾಷನ್ ಸಿಗುತ್ತದೆ, ಹಿಂದೆ ಯಂತ್ರ ಕೆಡುವ ಮಾತಿಗೂ ಆ ಪದ ಬಳಸುವ ರೂಢಿ ಇತ್ತು. ಅದನ್ನು ಕಣ್ಣುಮುಚ್ಚಿ ‘ಜಾಗ್ರತೆ’ ಮಾಡದೆ, ಕೆಳಗಿನ ಸಾಲು ಓದಿ, ಮೈಗೆ ಪೆಟ್ಟಾಗುವ ಮಾತು ಅಲ್ಲಿ ಇಲ್ಲದಿದ್ದರೆ ‘ಸೂಚನೆ’ ಎಂದು ಗುರುತು ಹಾಕಿ ತಯಾರಕರಿಗೆ ಬರೆದು ಒಪ್ಪಿಗೆ ಪಡೆಯಬೇಕು. ಜರ್ಮನಿಯಿಂದ ಬಂದ ಸೆಕೆಂಡ್‌ಹ್ಯಾಂಡ್ ಯಂತ್ರವಾದರೆ ಏಣಿ ಗೆಫಾರ್, ವಾರ್ನುಂಗ್, ಫೋರ್‌ಜಿಖ್ಟ್ ಎಂದಿರುತ್ತದೆ. ಫ್ರಾನ್ಸಿನ ಯಂತ್ರದ ಮೇಲೆ ‘ಅಟೆನ್ಷನ್’ ಎಂದು ಕಂಡರೆ ಅದನ್ನು ‘ಗಮನಿಸಿ’ ಎಂದು ಬರೆದುಬಿಡಬೇಡಿ, ಅಲ್ಲಿ ಅದು ಕಾಷನ್ ದರ್ಜೆಯ ಪದ.