ಪೋರ್ಟ್ ಓಪನ್ ಅಂತ ಬಂದಿದೆ, ಸರಿ. ಉತ್ತರ ಕೊಟ್ಟಿದ್ದು ಯಾರು?

'ಸಾರ್, ನಮ್ಮ ಮನೆ ನೆಟ್‌ನಲ್ಲಿ 53, 80, 443 ಮೂರೂ ಓಪನ್ ಅಂತ ಬರ್ತಿದೆ. ಯಾರಾದ್ರೂ ನುಗ್ಗಿದ್ದಾರಾ?' ಮನೆಗಳಿಗೆ, ಸಣ್ಣ ಅಂಗಡಿಗಳಿಗೆ ನೆಟ್‌ವರ್ಕ್ ಹಾಕಿಕೊಡುವ ನನಗೆ ಇಂಥ ಮೆಸೇಜು, ಜೊತೆಗೊಂದು ಸ್ಕ್ರೀನ್‌ಶಾಟು ಬರುತ್ತಲೇ ಇರುತ್ತವೆ. ಆ ನಂಬರುಗಳು ಪೋರ್ಟುಗಳು, ಅಂದರೆ ಒಂದೊಂದು ಕೆಲಸಕ್ಕೆ ನೆಟ್‌ನಲ್ಲಿರುವ ಬಾಗಿಲುಗಳು. ನಾನು ಕೇಳುವುದು ಒಂದೇ ಪ್ರಶ್ನೆ: 'ಚೆಕ್ ಮಾಡುವಾಗ ಯಾವ ನೆಟ್‌ನಲ್ಲಿ ಇದ್ದಿರಿ?' ಉತ್ತರವೂ ಹೆಚ್ಚುಕಮ್ಮಿ ಒಂದೇ: 'ಮನೆ ವೈಫೈನಲ್ಲೇ ಸಾರ್.'

ಅಲ್ಲೇ ಎಡವಟ್ಟು. ಮನೆ ವೈಫೈಯಲ್ಲಿ ಕೂತು ನಿಮ್ಮದೇ ಪಬ್ಲಿಕ್ ಐಪಿಯನ್ನು, ಅಂದರೆ ಇಂಟರ್ನೆಟ್ಟಿಗೆ ಕಾಣುವ ನಿಮ್ಮ ಮನೆಯ ವಿಳಾಸವನ್ನು, ಸ್ಕ್ಯಾನ್ ಮಾಡಿದರೆ ಆ ಪ್ಯಾಕೆಟ್ ಹೊರಗೆ ಹೋಗುವುದೇ ಇಲ್ಲ. ರೂಟರ್ ಅದನ್ನು ನೋಡಿ 'ಇದು ನನ್ನದೇ ವಿಳಾಸ' ಅಂತ ತಾನೇ ಉತ್ತರ ಕೊಡುತ್ತದೆ. ಮನೆಯವರಿಗೆ ಸೆಟ್ಟಿಂಗ್ಸ್ ಪುಟ ತೋರಿಸಲು 80, 443 ತೆರೆದಿರುತ್ತವೆ. ವೆಬ್‌ಸೈಟಿನ ಹೆಸರು ಹುಡುಕಿಕೊಡಲು 53 ತೆರೆದಿರುತ್ತದೆ. ಅವು ಒಳಗಿನವರಿಗೆ ತೆರೆದಿರಬೇಕಾದವೇ. ಬೀದಿಯಲ್ಲಿ ನಿಂತವನಿಗೆ ಏನು ಕಾಣುತ್ತದೆ ಅನ್ನೋದು ಇದರಿಂದ ಗೊತ್ತಾಗಲ್ಲ.

ಪೋರ್ಟ್ ಪರೀಕ್ಷಿಸುವ ವೆಬ್‌ಸೈಟುಗಳ ಲೆಕ್ಕ ಬೇರೆ. ಅವು ತಮ್ಮ ಸರ್ವರಿನಿಂದ ತಟ್ಟುತ್ತವೆ, ಹಾಗಾಗಿ ಮನೆ ವೈಫೈಯಿಂದಲೇ ತೆರೆದರೂ ಅದು ಹೊರಗಿನ ಪರೀಕ್ಷೆಯೇ. ಆದರೆ ವಿಪಿಎನ್ ಆನ್ ಇದ್ದರೆ ಅವು ವಿಪಿಎನ್ ಕಂಪನಿಯ ಸರ್ವರನ್ನು ತಟ್ಟಿ ಬರುತ್ತವೆ, ನಿಮ್ಮ ಮನೆಯನ್ನಲ್ಲ.

ಸ್ಕ್ಯಾನ್ ಮಾಡುವ ಮುಂಚೆ ಇನ್ನೊಂದು ನೋಡಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ WAN IP ಅಂತ ಒಂದು ವಿಳಾಸ ಇರುತ್ತದೆ. ಅದು, ಮತ್ತು ನಿಮ್ಮ ಐಪಿ ತೋರಿಸುವ ಸೈಟು ಹೇಳುವ IPv4 ವಿಳಾಸ, ಎರಡೂ ಒಂದೇ ಆಗಿರಬೇಕು. ಬೇರೆ ಬೇರೆ ಇದ್ದು, ರೂಟರ್‌ನಲ್ಲಿರುವುದು 100.64ರಿಂದ 100.127ರ ಒಳಗಿನದ್ದೋ, 10ರಿಂದ ಶುರುವಾಗುವುದೋ ಆಗಿದ್ದರೆ, ಇಂಟರ್ನೆಟ್ ಕಂಪನಿಯವರು ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಆಗ ನಿಮ್ಮ ಸ್ಕ್ಯಾನಿಗೆ ಉತ್ತರ ಕೊಡುವುದು ಕಂಪನಿಯ ಪೆಟ್ಟಿಗೆ. ಫಲಿತಾಂಶ ನೋಡಿ ಹೆದರುವುದೂ ಬೇಡ, ಸಮಾಧಾನ ಪಡುವುದೂ ಬೇಡ.

ಎರಡೂ ಒಂದೇ ಇದ್ದರೆ ಮುಂದಿನದು ಸುಲಭ. ಮೊಬೈಲಿನ ವೈಫೈ ಆಫ್ ಮಾಡಿ, ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಈಗ ನೀವು ಹೊರಗಿನವರು. ಮನೆ ವಿಳಾಸವನ್ನು ಆಗಷ್ಟೇ ನೋಡಿಕೊಂಡು ಹಾಕಿ. ರೂಟರ್ ಆಫ್ ಆಗಿ ಆನ್ ಆದರೆ ಅದು ಬದಲಾಗಬಹುದು, ಹಳೇ ವಿಳಾಸ ಈಗ ಬೇರೆ ಯಾರದೋ ಮನೆಯದ್ದಾಗಿರಬಹುದು. ಅನುಮತಿ ಇಲ್ಲದೆ ಪರರ ಮನೆ ಸ್ಕ್ಯಾನ್ ಮಾಡಬಾರದು, ಗೊತ್ತಿಲ್ಲದೆಯೂ ಮಾಡಬಾರದು.

ಶಿವಮೊಗ್ಗದ ಒಬ್ಬ ಅಡಿಕೆ ವ್ಯಾಪಾರಿಯ ಮನೆಯದನ್ನೇ ತೋರಿಸುತ್ತೇನೆ. ವಿಳಾಸ ಮಾತ್ರ ಉದಾಹರಣೆಗೆಂದೇ ಮೀಸಲಿಟ್ಟದ್ದು. ಸ್ಕ್ಯಾನ್ ಮಾಡಿದ್ದು ಎನ್‌ಮ್ಯಾಪ್ ಅನ್ನುವ ಪ್ರೋಗ್ರಾಂನಿಂದ.

```
nmap -Pn -p 22,23,80,443,554,8000,8080 203.0.113.25

PORT     STATE    SERVICE
22/tcp   filtered ssh
23/tcp   filtered telnet
80/tcp   filtered http
443/tcp  closed   https
554/tcp  open     rtsp
8000/tcp open     http-alt
8080/tcp filtered http-proxy
```

`-Pn` ಬಿಡಬೇಡಿ. ಎಷ್ಟೋ ರೂಟರ್‌ಗಳು ಪಿಂಗ್‌ಗೆ ಉತ್ತರಿಸಲ್ಲ. ಆಗ ಎನ್‌ಮ್ಯಾಪ್ ಅಲ್ಲಿ ಯಾರೂ ಇಲ್ಲ ಅಂದುಕೊಂಡು ವಾಪಸ್ ಬಂದುಬಿಡುತ್ತದೆ. ಕೊನೆಯ ಕಾಲಮ್ಮಿನ ಹೆಸರುಗಳನ್ನೂ ನಂಬಬೇಡಿ. ಯಾವ ನಂಬರಿಗೆ ಸಾಮಾನ್ಯವಾಗಿ ಯಾವ ಕೆಲಸ ಅನ್ನುವ ಪಟ್ಟಿಯಿಂದ ತೆಗೆದು ಹಾಕಿದ್ದು ಅಷ್ಟೇ. ಅಲ್ಲಿ ನಿಜಕ್ಕೂ ಏನಿದೆ ಅಂತ ನೋಡಿ ಬರೆದದ್ದಲ್ಲ.

ನಡುವಿನ ಕಾಲಮ್ಮನ್ನು ಸಾವಧಾನವಾಗಿ ಓದಿ. `open` ಅಂದರೆ ಒಂದು ಪ್ರೋಗ್ರಾಂ ಆ ಪೋರ್ಟಿನಲ್ಲಿ ಕಾದು ಕೂತಿದೆ, ಕರೆದಾಗ 'ಬಾ' ಅಂದಿದೆ. `filtered` ಅಂದರೆ ಸಾಮಾನ್ಯವಾಗಿ ಯಾವ ಉತ್ತರವೂ ಬರಲಿಲ್ಲ, ಫೈರ್‌ವಾಲ್ ನುಂಗಿಕೊಂಡಿತು. ಅದು ನಿಮ್ಮ ರೂಟರ್ರೇ ಆಗಬೇಕೆಂದಿಲ್ಲ, ದಾರಿಯಲ್ಲಿ ಕಂಪನಿಯವರು ತಡೆದಿದ್ದರೂ ಹೀಗೇ ಕಾಣುತ್ತದೆ. `closed` ಅಂದರೆ ಉತ್ತರ ಬಂತು, 'ಇಲ್ಲಿ ಯಾರೂ ಇಲ್ಲ' ಅನ್ನುವ ಉತ್ತರ.

ವ್ಯಾಪಾರಿಗಳು 443ರ ಮೇಲೆ ಬೆರಳಿಟ್ಟು 'ಇದು ಕ್ಲೋಸ್ ಆಗಿದೆ, ಬಿಡಿ' ಅಂದರು. ನನ್ನ ಕಣ್ಣು ನಿಂತಿದ್ದೂ ಅದರ ಮೇಲೇ. ಎಲ್ಲಾ ಪೋರ್ಟೂ `closed` ಇದ್ದಿದ್ದರೆ ರೂಟರ್ರೇ ಎಲ್ಲದಕ್ಕೂ ಇಲ್ಲ ಅನ್ನುತ್ತಿದೆ ಅಂತ ಬಿಟ್ಟುಬಿಡುತ್ತಿದ್ದೆ. ಆದರೆ ಈ ರೂಟರ್ ಬೇಡದ ಪ್ಯಾಕೆಟ್ಟಿಗೆಲ್ಲ ಸುಮ್ನೆ ಇರುತ್ತದೆ. ಅಂಥ ಕಡೆ ಒಂದೇ ಒಂದು ಪೋರ್ಟ್ 'ಯಾರೂ ಇಲ್ಲ' ಅಂದರೆ, ಅದನ್ನು ಹೇಳಿದ್ದು ಯಾರು? ಹೆಚ್ಚಾಗಿ ಮನೆ ಒಳಗಿನ ಯಾವುದೋ ಉಪಕರಣ. ಅಂದರೆ ರೂಟರ್ ಆ ಪ್ಯಾಕೆಟ್ಟನ್ನು ಒಳಗೆ ಬಿಟ್ಟಿದೆ.

ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದೆವು. 443ಕ್ಕೆ ಬಂದದ್ದನ್ನು 192.168.1.20ಕ್ಕೆ ಕಳಿಸು ಅನ್ನುವ ನಿಯಮ ಅಲ್ಲೇ ಇತ್ತು. ಹಿಂದೆ ಆ ವಿಳಾಸದಲ್ಲಿ ಕ್ಯಾಮೆರಾಗಳ ವಿಡಿಯೋ ರೆಕಾರ್ಡ್ ಮಾಡುವ ಅವರ ಹಳೇ ಡಿವಿಆರ್ ಇತ್ತು. ಕ್ಯಾಮೆರಾ ಹಾಕಿದವರು ಡಿವಿಆರ್ ಬದಲಾಯಿಸಿದರು, ನಿಯಮವನ್ನು ಹಾಗೇ ಬಿಟ್ಟರು. ಖಾಲಿಯಾದ ವಿಳಾಸವನ್ನು ರೂಟರ್ ಹಾಲ್‌ನ ಟಿವಿಗೆ ಕೊಟ್ಟಿತ್ತು. ಇಂಟರ್ನೆಟ್ಟಿನಿಂದ ಬಂದವರಿಗೆಲ್ಲ ಆ ಟಿವಿ 'ಯಾರೂ ಇಲ್ಲ' ಅಂತ ಹೇಳುತ್ತಾ ಕೂತಿತ್ತು. ಇವತ್ತು ತೊಂದರೆ ಇಲ್ಲ. ನಾಳೆ ಅದೇ ವಿಳಾಸ ಪ್ರಿಂಟರಿಗೆ ಹೋದರೆ ಅದರ ಸೆಟ್ಟಿಂಗ್ಸ್ ಪುಟ ಊರಿಗೆಲ್ಲ ಕಾಣುತ್ತದೆ.

ಉಳಿದದ್ದು 554, 8000. 554 ಕ್ಯಾಮೆರಾ ವಿಡಿಯೋದ ಪೋರ್ಟ್. ಇದರಲ್ಲಿ ಮೋಸಹೋಗುವುದುಂಟು, ಏಕೆಂದರೆ ದಾರಿಯಲ್ಲಿರುವ ಕೆಲವು ರೂಟರ್‌ಗಳು ಈ ಪೋರ್ಟಿಗೆ ತಾವೇ ಮಧ್ಯೆ ನಿಂತು ಉತ್ತರ ಕೊಟ್ಟುಬಿಡುತ್ತವೆ. ಹಾಗಾಗಿ ಹಾಟ್‌ಸ್ಪಾಟಿನಲ್ಲೇ ಇದ್ದು ವಿಎಲ್‌ಸಿಯಲ್ಲಿ `rtsp://203.0.113.25:554` ತೆರೆದು ನೋಡಿದೆ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. ಅಲ್ಲಿರುವುದು ಡಿವಿಆರ್ರೇ. ಮನೆ ಅಂಗಳದ ಚಿತ್ರಕ್ಕೂ ಹೊರಗಿನವರಿಗೂ ನಡುವೆ ಒಂದು ಪಾಸ್‌ವರ್ಡ್ ಮಾತ್ರ ಇತ್ತು.

'ನಾನು ಅದನ್ನ ಓಪನ್ ಮಾಡೇ ಇಲ್ವಲ್ಲ' ಅಂದರು. ನಿಜ, ಅವರು ಮಾಡಿರಲಿಲ್ಲ. ಫಾರ್ವರ್ಡಿಂಗ್ ಪುಟದಲ್ಲೂ ಈ ಎರಡು ಇರಲಿಲ್ಲ. ಯುಪಿಎನ್‌ಪಿ ಅನ್ನುವ ಸೌಲಭ್ಯ ಆನ್ ಇತ್ತು. ಅದು ಆನ್ ಇದ್ದರೆ ಮನೆಯೊಳಗಿನ ಯಾವ ಉಪಕರಣವೂ ಯಾರನ್ನೂ ಕೇಳದೆ ರೂಟರ್‌ಗೆ ಹೇಳಿ ಪೋರ್ಟ್ ತೆರೆಸಿಕೊಳ್ಳಬಹುದು. ಡಿವಿಆರ್ ಹಾಗೇ ಮಾಡಿತ್ತು. 443ರ ನಿಯಮ ಅಳಿಸಿದೆವು. ರೂಟರ್‌ನಲ್ಲೂ ಡಿವಿಆರ್‌ನಲ್ಲೂ ಯುಪಿಎನ್‌ಪಿ ಆಫ್ ಮಾಡಿ, ಎರಡನ್ನೂ ರೀಸ್ಟಾರ್ಟ್ ಮಾಡಿ, ಹೊಸ ವಿಳಾಸ ನೋಡಿಕೊಂಡು ಮತ್ತೆ ಹೊರಗಿನಿಂದ ತಟ್ಟಿದೆವು. ಏಳೂ `filtered`.

ಇಷ್ಟು ಮಾಡಿದ ಮೇಲೂ ನಾನು 'ಎಲ್ಲಾ ಭದ್ರ' ಅಂತ ಬರೆದುಕೊಡಲ್ಲ. ನೋಡಿದ್ದು ಏಳು ಪೋರ್ಟು. ಅದೂ ಟಿಸಿಪಿಯದ್ದು ಮಾತ್ರ, ಯುಡಿಪಿಗೆ ಬೇರೆ ಸ್ಕ್ಯಾನ್ ಬೇಕು. `-p-` ಹಾಕಿದರೆ 65,535 ಟಿಸಿಪಿ ಪೋರ್ಟನ್ನೂ ನೋಡುತ್ತದೆ. ಆದರೆ ಉತ್ತರ ಬಾರದ ಒಂದೊಂದು ಪೋರ್ಟಿಗೂ ಕಾಯಬೇಕಾದ್ದರಿಂದ ಜಾಸ್ತಿ ಹೊತ್ತು ಹಿಡಿಯುತ್ತದೆ. ರಾತ್ರಿ ಬಿಟ್ಟು ಮಲಗಿ. IPv6 ಇರುವ ಮನೆಯಲ್ಲಿ ಇನ್ನೊಂದು ಕೆಲಸ ಉಳಿದಿದೆ: ಅಲ್ಲಿ ಡಿವಿಆರ್‌ಗೇ ಸ್ವಂತ ಪಬ್ಲಿಕ್ ವಿಳಾಸ ಸಿಕ್ಕಿರಬಹುದು. ಫಾರ್ವರ್ಡಿಂಗ್ ನಿಯಮ ಅಳಿಸಿದರೆ ಅದಕ್ಕೇನೂ ಆಗಲ್ಲ, ತಡೆಯಬೇಕಾದದ್ದು ರೂಟರ್‌ನ IPv6 ಫೈರ್‌ವಾಲ್. ಆ ವಿಳಾಸವನ್ನು ಹಾಟ್‌ಸ್ಪಾಟಿನಿಂದ `nmap -6 -Pn` ಹಾಕಿ ಪ್ರತ್ಯೇಕವಾಗಿ ನೋಡಬೇಕು. ಮೇಲೆ ಹೇಳಿದ ಹಂಚಿಕೆಯ ವಿಳಾಸದ ಮನೆಗಳಿಗೂ ಇದು ಅನ್ವಯಿಸುತ್ತದೆ.

ಹೊರಡುವಾಗ ಆ ಮನೆಯ ಅಮ್ಮ 'ಇನ್ನು ಮಂಡಿಯಲ್ಲಿ ಕೂತು ಮನೆ ಕ್ಯಾಮೆರಾ ನೋಡೋಕಾಗಲ್ವಾ ಹಾಗಾದ್ರೆ?' ಅಂತ ಕೇಳಿದರು. ಆಗುತ್ತದೆ. ಅವರ ಮೊಬೈಲಿನ ಆ್ಯಪ್‌ಗಾಗಿ ಡಿವಿಆರ್ ತಾನೇ ಹೊರಗಿನ ಸರ್ವರ್ ಜೊತೆ ಸಂಪರ್ಕ ಇಟ್ಟುಕೊಂಡಿರುತ್ತದೆ, ಅದಕ್ಕೆ ಹೊರಗಿನಿಂದ ಪೋರ್ಟ್ ತೆರೆದಿರಬೇಕಾಗಿಲ್ಲ. ಮೊಬೈಲ್ ಡೇಟಾದಲ್ಲಿ ಆ್ಯಪ್ ತೆರೆದು ಅವರಿಗೇ ತೋರಿಸಿ ಬಂದೆ.